ಮೊಬೈಲ್ ಚಾರ್ಜ್ ಮಾಡಿದ್ದೇ ಅಪರಾಧವಂತೆ!

ಮಾನ್ಯ ಸಂಪಾದಕರೇ,

ಇಲಾಖೆಯವರು ಬಿಟ್ಟಿಯಾಗಿ ಹಂಚಿದ ಸೌರ ದೀಪದ ಕಿಟ್‌ಗಳೆಲ್ಲ ಕೆಟ್ಟು ಮೂಲೆ ಸೇರಿರುವ ಬಗ್ಗೆ ನಿನ್ನೆ ನಿಮ್ಮಲ್ಲಿ ಬಂದ ವರದಿಯಲ್ಲಿ ತಪ್ಪೇನಿಲ್ಲ. ಆದರೆ ಅದರ ಕೊನೆಗೆ ಅಧಿಕಾರಿಗಳು ಕೊಟ್ಟಿರುವ ಸ್ಪಷ್ಟೀಕರಣ ಓದಿ ಮೈ ಉರಿಯಿತು. ದೀಪಕ್ಕೆಂದು ಕೊಟ್ಟ ಕಿಟ್ಟಿನಲ್ಲಿ ಜನ ಮೊಬೈಲ್ ಚಾರ್ಜ್ ಮಾಡಿಕೊಂಡರಂತೆ, ಅದಕ್ಕೇ ಬ್ಯಾಟರಿ ಹಾಳಾಯಿತಂತೆ. ಆ ಡಬ್ಬಿಯ ಮೇಲೆ ಮೊಬೈಲಿನ ಚಿತ್ರ ಅಚ್ಚು ಹಾಕಿಸಿದವರು ಯಾರು? ಪಕ್ಕದಲ್ಲಿ ಚಾರ್ಜಿಂಗ್ ತೂತು ಇಟ್ಟದ್ದು ಗಾಳಿ ಆಡಲೆಂದೇ?

ಕೊಟ್ಟವರು ಫೋಟೊ ತೆಗೆಸಿಕೊಂಡು ಹೋದರು. ಕೆಟ್ಟದ್ದನ್ನು ಹಿಡಿದು ಬರುವವರಿಗೆ ಉತ್ತರ ಹೇಳುವ ಕೆಲಸ ನಮ್ಮಂಥ ರಿಪೇರಿಯವರ ಪಾಲಿಗೆ ಬಿದ್ದಿದೆ. ಸಹಾಯವಾಣಿಗೆ ಕರೆ ಮಾಡಿದರೆ ಸಂಗೀತ ಬರುತ್ತದೆ, ಸಂಗೀತ ಮುಗಿದಾಗ ಕರೆಯೂ ಮುಗಿಯುತ್ತದೆ. ವಾರಂಟಿ ಕೇಳಿದರೆ ರಸೀದಿ ತನ್ನಿ ಎನ್ನುತ್ತಾರೆ. ಬಿಟ್ಟಿ ಕೊಟ್ಟ ಸಾಮಾನಿಗೆ ರಸೀದಿ ಎಲ್ಲಿಂದ ತರಬೇಕು? ಕೆಲಸದ ಮೇಜಿನ ತುಂಬ ಸತ್ತ ಬ್ಯಾಟರಿಗಳೇ, ಕನ್ನಡಕ ಇಡಲೂ ಜಾಗವಿಲ್ಲ.

ಆ ಡಬ್ಬಿಯ ಮೇಲಿರುವ ಲೆಕ್ಕವನ್ನೇ ನೋಡೋಣ. 10 ವಾಟಿನ ಪ್ಯಾನೆಲ್, 12 ವೋಲ್ಟ್ 7 ಆಂಪ್-ಅವರ್‌ನ ಮುಚ್ಚಿದ ಸೀಸದ ಬ್ಯಾಟರಿ, 3 ವಾಟಿನ ಮೂರು ದೀಪ, ಜೊತೆಗೆ ಮೊಬೈಲ್ ಚಾರ್ಜಿಂಗ್. ಎಲ್ಲ ಸೇರಿ "8 ಗಂಟೆ ಬೆಳಕು". ಮೂರು ದೀಪ ಒಟ್ಟಿಗೆ ಉರಿದರೆ 9 ವಾಟ್, 8 ಗಂಟೆಗೆ 72 ವಾಟ್-ಅವರ್. ಈಗಿನ ಒಂದು ಮೊಬೈಲನ್ನು ಪೂರ್ತಿ ತುಂಬಿಸಲು ನಷ್ಟವೂ ಸೇರಿ ಸುಮಾರು 20. ಅಲ್ಲಿಗೆ ದಿನಕ್ಕೆ ಬೇಕಾದದ್ದು 92.

ಪ್ಯಾನೆಲ್ ಕೊಡುವುದೆಷ್ಟು? 10 ವಾಟ್ ಎಂಬುದು ಪ್ರಯೋಗಾಲಯದ ಸಂಖ್ಯೆ. ಒಂದು ಚದರ ಮೀಟರಿಗೆ 1000 ವಾಟ್ ಬೆಳಕು ಬೀಳುತ್ತ, ಪ್ಯಾನೆಲ್ಲಿನ ಒಳಮೈ 25 ಡಿಗ್ರಿಯಲ್ಲಿ ತಣ್ಣಗಿದ್ದಾಗ ಅಳೆದದ್ದು. ಛಾವಣಿಯ ಮೇಲೆ ಬಿಸಿಲಿನಲ್ಲಿ ಅದು ಕಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಈ ಜಾತಿಯ ಪ್ಯಾನೆಲ್ ಸುಮಾರು 17.5 ವೋಲ್ಟಿನಲ್ಲಿ 0.57 ಆಂಪ್ ಕೊಡುವಂತೆ ಮಾಡಿದ್ದು. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡಿಕೊಳ್ಳುವ ಅಗ್ಗದ ಕಂಟ್ರೋಲರ್ ಅದನ್ನು ನೇರವಾಗಿ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿಬಿಡುತ್ತದೆ. ಮೇಲಿನ ಐದಾರು ವೋಲ್ಟ್ ಯಾರಿಗೂ ಸಿಗದೆ ಹೋಗುತ್ತದೆ, ಬ್ಯಾಟರಿಗೆ ಹೋಗುವುದು ಆ 0.57 ಆಂಪ್ ಮಾತ್ರ. ಒಳ್ಳೆಯ ಬಿಸಿಲಿನ ದಿನಕ್ಕೆ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದರೆ ಎರಡೂವರೆ ಆಂಪ್-ಅವರ್, ಅಂದರೆ ಸುಮಾರು 30 ವಾಟ್-ಅವರ್. ಬ್ಯಾಟರಿ ತುಂಬುವಾಗ, ಖಾಲಿಯಾಗುವಾಗ ಆಗುವ ನಷ್ಟ ಕಳೆದರೆ ಕೈಗೆ ಬರುವುದು 24. ಬೇಕಾದದ್ದು 92, ಬರುವುದು 24! ಮೋಡವಿದ್ದರೆ ಅದೂ ಅರ್ಧ.

ಹಾಗಾದರೆ ಆ 8 ಗಂಟೆ ಎಲ್ಲಿಂದ ಬಂತು? ಹೊಸ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ತಳ ಕಾಣುವವರೆಗೆ ಬತ್ತಿಸಿದರೆ 9 ವಾಟಿನ ದೀಪಗಳು ಒಂದು ರಾತ್ರಿ 8 ಗಂಟೆ ಉರಿಯುತ್ತವೆ. ಒಂದೇ ರಾತ್ರಿ. ವಿತರಣಾ ಸಮಾರಂಭದ ಸಂಜೆ ಎಲ್ಲರೂ ಚಪ್ಪಾಳೆ ತಟ್ಟಿದ್ದು ಆ ರಾತ್ರಿಗೆ. ಮರುದಿನ ಪ್ಯಾನೆಲ್ ಅದರಲ್ಲಿ ಮೂರನೇ ಒಂದು ಭಾಗವನ್ನು ಮಾತ್ರ ಹಿಂದಿರುಗಿಸುತ್ತದೆ, ಸಂಜೆ ಮತ್ತೆ ಅದನ್ನೂ ಖಾಲಿ ಮಾಡುತ್ತಾರೆ. ಸೀಸದ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆಗಾಗ ಪೂರ್ತಿ ತುಂಬಿಸಲೂ ಬೇಕು. ಅರೆಹೊಟ್ಟೆಯಲ್ಲೇ ದಿನಗಟ್ಟಲೆ ಇದ್ದರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಬಿಸಿಲಿಗಿಟ್ಟರೂ ಅದು ಕರಗುವುದಿಲ್ಲ. ಮೊಬೈಲ್ ಹಾಕದೇ ಇದ್ದಿದ್ದರೂ ಈ ಬ್ಯಾಟರಿ ಸಾಯುತ್ತಿತ್ತು, ಸ್ವಲ್ಪ ತಡವಾಗಿ. ಡಬ್ಬಿಯ ಮೇಲಿನ ಮಾತು ನಿಜವಾಗಬೇಕಾಗಿದ್ದರೆ 40 ವಾಟಿನ ಪ್ಯಾನೆಲ್ಲೂ ಸುಮಾರು 18 ಆಂಪ್-ಅವರ್‌ನ ಬ್ಯಾಟರಿಯೂ ಬೇಕಿತ್ತು. ಈ ಗುಣಾಕಾರ ಮಾಡಲು ಇಂಜಿನಿಯರ್ ಪದವಿ ಬೇಕೇ? ಟೆಂಡರ್ ಕಾಗದಕ್ಕೆ ಸಹಿ ಹಾಕಿದವರಿಗೆ ಆ ಪದವಿಯೂ ಇದೆಯಲ್ಲ!

ಇನ್ನೊಂದು ಸಂಗತಿ ವರದಿಯಲ್ಲಿ ಬಂದಿಲ್ಲ. ಈ ಕಿಟ್‌ಗಳು ಹಂಚುವ ಮೊದಲು ಗೋಡೌನಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದವು, ಗಣ್ಯರ ಸಮಯ ಸಿಗಬೇಕಿತ್ತು ನೋಡಿ. ಸೀಸದ ಬ್ಯಾಟರಿ ಸುಮ್ಮನೆ ಇಟ್ಟರೂ ತಾನೇ ಖಾಲಿಯಾಗುತ್ತ ಹೋಗುತ್ತದೆ, ತಗಡಿನ ಗೋಡೌನಿನ ಸೆಕೆಯಲ್ಲಿ ಇನ್ನೂ ಬೇಗ. ಆರು ತಿಂಗಳೊಳಗೆ ಒಮ್ಮೆಯಾದರೂ ತುಂಬಿಸದಿದ್ದರೆ ಡಬ್ಬಿ ಒಡೆಯುವ ಮೊದಲೇ ಅರ್ಧ ಆಯಸ್ಸು ಮುಗಿದಿರುತ್ತದೆ. ಹಿಂದೆ ಬೀದಿಗೆ ನೆಟ್ಟ ಸೌರ ಕಂಬಗಳ ಕಥೆಯೂ ಇದೇ. ಮರದ ನೆರಳಿನಲ್ಲಿ ಕಂಬ ನೆಟ್ಟು, ಪರಿಶೀಲನೆ ಮಾಡಿದ್ದೇವೆಂದು ಜೀಪಿನಿಂದ ಇಳಿಯದೆಯೇ ಬರೆದುಕೊಂಡು ಹೋದ ಮಹನೀಯರು ಈಗ ಬಡ್ತಿ ಪಡೆದು ಬೇರೆಡೆ ಇದ್ದಾರೆ. ಅವರ ಕಂಬಗಳಿಗೆ ಇವತ್ತು ದನ ಕಟ್ಟುತ್ತಾರೆ.

ಇಲಾಖೆಯನ್ನು ನಂಬಿ ಸಾಕಾದ ಜನ ಈಗ ಸ್ವಂತ ದುಡ್ಡು ಕೊಟ್ಟು ಕೊಳ್ಳಲು ಹೊರಟಿದ್ದಾರೆ. ಅಂಗಡಿಯಲ್ಲೂ ಇದೇ ಬಗೆಯ ಡಬ್ಬಿಗಳು, ಇದೇ ಬಗೆಯ ಮಾತು. ಇಲಾಖೆ ಹೇಳಬೇಕಿದ್ದ ನಾಲ್ಕು ಮಾತನ್ನು ನೀವಾದರೂ ಅಚ್ಚು ಮಾಡಿ.

ಅಂಗಡಿಯವರು ಪ್ಯಾನೆಲ್ಲಿಗೆ ಮೀಟರ್ ಹಿಡಿದು "ನೋಡಿ, 21 ವೋಲ್ಟ್" ಎಂದು ತೋರಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. 5 ವಾಟಿನದೂ 21 ತೋರಿಸುತ್ತದೆ, 10 ವಾಟಿನದೂ 21 ತೋರಿಸುತ್ತದೆ. ಅಳೆಯಬೇಕಾದದ್ದು ಕರೆಂಟು. ಮೋಡವಿಲ್ಲದ ಮಧ್ಯಾಹ್ನ ಪ್ಯಾನೆಲ್ಲನ್ನು ಸೂರ್ಯನಿಗೆ ನೇರ ಹಿಡಿದು, ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪ್ ಡಿಸಿ ತೂತಿಗೆ ಹಾಕಿ, ಗುಂಡಿಯನ್ನೂ ಅದೇ ಗುರುತಿಗೆ ತಿರುಗಿಸಿ, ಪ್ಯಾನೆಲ್ಲಿನ ಎರಡು ತಂತಿಗಳಿಗೆ ನೇರ ಮುಟ್ಟಿಸಿ. ಈ ಬಗೆಯ 10 ವಾಟಿನದು 0.6 ಆಂಪ್ ಆಸುಪಾಸು ತೋರಿಸಬೇಕು. 0.3 ಬಂದರೆ ಅದು 5 ವಾಟಿನ ಪ್ಯಾನೆಲ್, ಹಿಂದೆ ಏನೇ ಅಂಟಿಸಿರಲಿ. ಸಣ್ಣ ಪ್ಯಾನೆಲ್ಲಿಗೆ ಇದರಿಂದ ಏನೂ ಆಗುವುದಿಲ್ಲ, ಆದರೆ ಬ್ಯಾಟರಿಗೆ ಮಾತ್ರ ಹೀಗೆ ಎಂದೂ ಮುಟ್ಟಿಸಬೇಡಿ, ಮೀಟರೂ ಸುಡುತ್ತದೆ, ಕೈಯೂ ಸುಡುತ್ತದೆ. ಮೀಟರ್ ಇಲ್ಲದಿದ್ದರೆ ಅಳತೆಪಟ್ಟಿ ಸಾಕು. ಸಾಮಾನ್ಯ ಪ್ಯಾನೆಲ್ ಬಿಸಿಲಿನ 15ರಿಂದ 20 ಶೇಕಡವನ್ನಷ್ಟೇ ವಿದ್ಯುತ್ ಮಾಡಬಲ್ಲದು. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಪ್ಯಾನೆಲ್ ಏನು ಮಾಡಿದರೂ 6 ವಾಟ್ ದಾಟುವುದು ಕಷ್ಟ.

ಬ್ಯಾಟರಿ ಸೀಸದ್ದಾದರೆ ಮೊದಲು ಅದರ ಮೇಲಿರುವ ತಯಾರಿಕೆಯ ತಿಂಗಳು ನೋಡಿ. ತುಂಬಿಸಿ ಕೆಲವು ಗಂಟೆ ಸುಮ್ಮನೆ ಬಿಟ್ಟ ಒಳ್ಳೆಯ ಬ್ಯಾಟರಿ 12.7 ವೋಲ್ಟ್ ತೋರಿಸುತ್ತದೆ. ಆದರೆ ಸಲ್ಫೇಟ್ ಕಟ್ಟಿದ್ದೂ ಸುಮ್ಮನಿರುವಾಗ ಹೆಚ್ಚುಕಡಿಮೆ ಅಷ್ಟೇ ತೋರಿಸಿ ಮೋಸ ಮಾಡಬಹುದು. ಆದ್ದರಿಂದ ಎಲ್ಲ ದೀಪ ಹಚ್ಚಿ ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಅಷ್ಟರಲ್ಲೇ 12ರ ಕೆಳಗೆ ಜಾರಿದ್ದರೆ ವಾಪಸು ಕೊಟ್ಟು ಬನ್ನಿ. ಲಿಥಿಯಂ ಎಂದಾದರೆ ಸುಳ್ಳಿನ ಬಗೆ ಬೇರೆ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದವಿರುವ 18650 ಎಂಬ ಸೆಲ್ಲಿನ ಮೇಲೆ 9900 ಎಂದು ಬರೆದಿರುತ್ತಾರೆ. ಈ ಗಾತ್ರದಲ್ಲಿ ಸಾಧಾರಣವಾಗಿ ಸಿಗುವ ಅತ್ಯುತ್ತಮ ಸೆಲ್ಲಿನದೂ 3500 ಮಿಲಿಆಂಪ್-ಅವರ್ ಆಸುಪಾಸು. ಒಳ್ಳೆಯ ಸೆಲ್ 45 ಗ್ರಾಂ ಮೇಲೆಯೇ ತೂಗುತ್ತದೆ, ಕೈಗೆ ಹಗುರ ಎನಿಸಿದರೆ ಒಳಗೆ ಏನೂ ಇಲ್ಲ ಎಂದೇ ಅರ್ಥ. ಲಿಥಿಯಂ ಐರನ್ ಫಾಸ್ಫೇಟ್ ಸಿಕ್ಕರೆ ಅದನ್ನೇ ಆರಿಸಿ, ಅರೆಹೊಟ್ಟೆಯನ್ನು ಅದು ಸಹಿಸುತ್ತದೆ. ಆದರೆ ಸೀಸದ ಬ್ಯಾಟರಿ ತೆಗೆದು ಅದೇ ಕಂಟ್ರೋಲರಿಗೆ ಲಿಥಿಯಂ ಸಿಕ್ಕಿಸಬೇಡಿ, ಎರಡರ ಚಾರ್ಜಿಂಗ್ ವೋಲ್ಟೇಜ್ ಬೇರೆ.

ಕಂಟ್ರೋಲರಿಗೆ ಒಂದು ಸುಲಭ ಪರೀಕ್ಷೆಯಿದೆ. ದೀಪ ಹಚ್ಚಿಟ್ಟು ಕೊನೆಯವರೆಗೆ ಕಾದು ನೋಡಿ. ಬ್ಯಾಟರಿ ಇಳಿದಾಗ ಫಕ್ಕನೆ ಆರಿ ಕೆಂಪು ಗುರುತು ಬಂದರೆ ಒಳಗೆ ಬ್ಯಾಟರಿ ತಳದವರೆಗೆ ಬತ್ತದಂತೆ ತಡೆಯುವ ಕಟ್-ಆಫ್ ಇದೆ. ಮಂಕಾಗುತ್ತ ಮಂಕಾಗುತ್ತ ಬೆಳಗಿನವರೆಗೂ ಮಿಣಮಿಣ ಅಂದರೆ ಕಟ್-ಆಫ್ ಇಲ್ಲವೆಂದೇ ತಿಳಿಯಿರಿ. ಇದನ್ನೇ ಅಂಗಡಿಯವರು "ಪಾಪ, ಕೊನೆ ಹನಿವರೆಗೂ ಉರಿಯುತ್ತದೆ" ಎಂದು ಹೊಗಳುತ್ತಾರೆ.

ದೀಪವನ್ನು ವಾಟ್ ನೋಡಿ ಕೊಳ್ಳಬೇಡಿ, ಬೆಳಕಿನ ಅಳತೆಯಾದ ಲ್ಯೂಮೆನ್ ಕೇಳಿ. ಒಳ್ಳೆಯ ಎಲ್‌ಇಡಿ ಒಂದು ವಾಟಿಗೆ 100 ಲ್ಯೂಮೆನ್ ಕೊಡುತ್ತದೆ, ಹತ್ತಿರ ಇಟ್ಟುಕೊಂಡರೆ ಓದಲು ಅದು ಧಾರಾಳ. ಅದೇ 10 ವಾಟಿನ ಪ್ಯಾನೆಲ್ಲಿಗೆ 1 ವಾಟಿನ ಎರಡು ದೀಪ ಹಾಕಿ ಐದು ಗಂಟೆ ಉರಿಸಿದರೆ 10 ವಾಟ್-ಅವರ್. ಮಿಕ್ಕಿದ್ದರಲ್ಲಿ ಮೊಬೈಲನ್ನು ಅರ್ಧ ತುಂಬಿಸಬಹುದು, ಬ್ಯಾಟರಿಗೂ ಸ್ವಲ್ಪ ಉಳಿಯುತ್ತದೆ. ಕಿಟ್ ಕೆಟ್ಟದ್ದಕ್ಕಿಂತ ಜೋಡಣೆ ಕೆಟ್ಟದ್ದೇ ಹೆಚ್ಚು.

ಇಂಥ ಸಣ್ಣ ಕಿಟ್‌ಗಳಿಗೆಂದೇ ಐಇಸಿ 62257-9-8 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ವೆರಾಸೋಲ್ ಎಂಬ ಕಾರ್ಯಕ್ರಮ ಪರೀಕ್ಷೆ ಮಾಡಿ ಪಾಸಾದ ಮಾದರಿಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಕಂಪನಿಯ ಹೆಸರು ಇದ್ದರೆ ಸಾಲದು, ಡಬ್ಬಿಯ ಮೇಲಿನ ಮಾದರಿ ಸಂಖ್ಯೆಯೇ ಅಲ್ಲಿ ಇರಬೇಕು. ಖರೀದಿ ಸಮಿತಿಯವರಿಗೆ ಅದನ್ನು ತೆರೆದು ನೋಡಲು ಏನು ತೊಂದರೆಯಿತ್ತೋ, ಅವರ ಕಚೇರಿಯಲ್ಲಂತೂ ಕರೆಂಟ್ ಹೋಗುವುದಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಎಚ್ಚೆತ್ತು ಸತ್ತ ಬ್ಯಾಟರಿಗಳನ್ನು ಬದಲಿಸಬೇಕು. ಇಲ್ಲ, ಬ್ಯಾಟರಿ ಮಾತ್ರ ಬದಲಿಸಿದರೆ ಅದೂ ಸಾಯುತ್ತದೆ, ಪ್ಯಾನೆಲ್ಲನ್ನೂ ಬದಲಿಸಬೇಕು. ತನಿಖೆಯೂ ಆಗಬೇಕು, ಹಿಂದಿನ ಕಂಬಗಳ ತನಿಖೆ ಏನಾಯಿತು ಎಂಬುದರ ತನಿಖೆಯೂ ಆಗಲಿ. ಏನೂ ಮಾಡಲಾಗದಿದ್ದರೆ, ಮೊಬೈಲ್ ಚಾರ್ಜ್ ಮಾಡಿದವರನ್ನು ಬೈದ ಆ ಮಹಾಶಯರ ಮನೆಗೆ ಒಂದು ತಿಂಗಳ ಮಟ್ಟಿಗೆ ಇದೇ ಕಿಟ್ ಕೊಟ್ಟು, ಮೇನ್ ಸ್ವಿಚ್ ಇಳಿಸಿ ಬನ್ನಿ. ಮೊಬೈಲನ್ನು ಅವರು ಎಲ್ಲಿ ಚಾರ್ಜ್ ಮಾಡುತ್ತಾರೋ ನೋಡೋಣ.

– ಸೌರ ದೀಪ ದುರಸ್ತಿಗಾರ, ನಿಮ್ಮ ಓದುಗ