ಮೂಸಿ ಮೂಸಿ ದಣಿದವನು

ಪ್ರೀತಿಯ ಪುಟ್ಟಿ,

ಮಿಕ್ಕ ಸುದ್ದಿಯೆಲ್ಲ ನಿಮ್ಮಪ್ಪ ಹೇಳಿದ್ದಾನೆ, ಅದು ಬಿಡು. ನನ್ನ ನಿದ್ದೆ ಕೆಡಿಸಿದ್ದು ನಿನ್ನ ನಾಯಿಯ ಬಗ್ಗೆ ನೀನು ಬರೆದ ಒಂದೇ ಸಾಲು: "ಅರ್ಧ ಗಂಟೆಯಲ್ಲಿ 200 ಹೆಜ್ಜೆಯೂ ನಡೆಯಲ್ಲ, ಬರೀ ಮೂಸ್ತಾನೆ. ಮನೆಗೆ ಬಂದು ಸತ್ತ ಹಾಗೆ ಮಲಗ್ತಾನೆ. ಏನೋ ಕಾಯಿಲೆ ಇರಬೇಕು ದೊಡ್ಡಪ್ಪ."

ಕಾಯಿಲೆ ಅಂತ ನನಗೆ ಅನ್ನಿಸುತ್ತಿಲ್ಲ. ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು 5 ಸಲ ಗಾಳಿ ಎಳೆಯುತ್ತದೆ. ಬಹುಪಾಲು ಗಾಳಿ ಶ್ವಾಸಕೋಶಕ್ಕೆ ಹೋಗುತ್ತದೆ. ಎಂಟರಲ್ಲೊಂದು ಪಾಲು ಮಾತ್ರ ಮೂಗಿನ ಹಿಂಭಾಗದ ಒಂದು ಗೂಡಿಗೆ ಸೇರುತ್ತದೆ. ಅಲ್ಲಿ ಸುರುಳಿ ಸುರುಳಿಯಾದ ತೆಳು ಎಲುಬು, ಅದರ ಮೇಲೆ ವಾಸನೆ ಹಿಡಿಯುವ ಕೋಟಿಗಟ್ಟಲೆ ಕೋಶಗಳು. ಬಿಟ್ಟ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಗೆ ಹೋಗುತ್ತದೆ. ಹಾಗಾಗಿ ಮುಂದಿರುವ ವಾಸನೆ ಚೆದುರುವುದಿಲ್ಲ. ಎಂಥ ಜಾಣ ಏರ್ಪಾಡು, ಅಲ್ವಾ?

ಆಮೇಲಿನ ದುಡಿಮೆ ಮಿದುಳಿನದು. ಒಂದೇ ಕಂಬಕ್ಕೆ ನಾಲ್ಕು ನಾಯಿ ಉಚ್ಚೆ ಹೊಯ್ದಿವೆ ಅಂದುಕೋ. ಯಾವುದು ಹಳತು, ಯಾವುದು ಈಗಿನದು, ಗಂಡೋ ಹೆಣ್ಣೋ, ಪರಿಚಯದ್ದೋ ಅಲ್ಲವೋ, ಎಲ್ಲ ಬಿಡಿಸಬೇಕು. ನಾನು ದಿನವಿಡೀ ಕೂತಲ್ಲೇ ಕರಡು ತಿದ್ದಿ ಮನೆಗೆ ಬಂದರೆ ಚಪ್ಪಲಿ ಬಿಡುವಷ್ಟು ತ್ರಾಣ ಇರುತ್ತಿರಲಿಲ್ಲ. ನಿಮ್ಮ ದೊಡ್ಡಮ್ಮ ನಗುತ್ತಿದ್ದಳು, ಕೂತವನಿಗೆ ಏನು ಸುಸ್ತು ಅಂತ.

ಇಷ್ಟು ಗೊತ್ತಿದ್ದೂ ಹಿಂದೆ ನಾನು ಸಾಕಿದ್ದ ನಾಯಿ ಕರಿಯನಿಗೆ ಮಾಡಿದ್ದು ನೆನೆದರೆ ಹೊಟ್ಟೆ ಉರಿಯುತ್ತದೆ. ಆಗ ಗೊತ್ತಿರಲಿಲ್ಲ ಅನ್ನೋದೇ ಸರಿ. ದಿನಾ ಒಂದು ಗಂಟೆ ಬಿರುಸಾಗಿ ನಡೆಸುತ್ತಿದ್ದೆ. ಮೂಗು ನೆಲಕ್ಕೆ ಇಟ್ಟರೆ ಸಾಕು, ಹಗ್ಗ ಜಗ್ಗುತ್ತಿದ್ದೆ. ಅವನು ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು. ಕಾಲು ದಣಿಯಿತು, ತಲೆಗೆ ಕೆಲಸವೇ ಸಿಗಲಿಲ್ಲ. ಸಂಜೆ ಚಪ್ಪಲಿ ಕಡಿದ. ನಾನು ಹೊಡೆದೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ನಾನು ಡಾಕ್ಟರಲ್ಲ, ಆದರೂ ಹೇಳ್ತೀನಿ. ಮಲಗಿದವನ ಹತ್ತಿರ ಹಗ್ಗ ಅಲ್ಲಾಡಿಸಿ ನೋಡು. ಎದ್ದು ಬಾಲ ಆಡಿಸಿದರೆ, ಎಂದಿನಂತೆ ಊಟ ಮಾಡಿದರೆ, ಅದು ಒಳ್ಳೆಯ ನಿದ್ದೆ. ನಡೆಯುವಾಗಲೇ ಹಿಂದೆ ಬಿದ್ದು ಕೂತರೆ, ಕೆಮ್ಮಿದರೆ, ಸುಮ್ನೆ ಮಲಗಿದ್ದಾಗಲೂ ಉಸಿರು ಜೋರಾಗಿದ್ದರೆ, ವಸಡು ಬಿಳಿಚಿದ್ದರೆ ತಡಮಾಡದೆ ತೋರಿಸು. ಮೂಸದೇ ಇದ್ದ ದಿನವೂ ಹೀಗೇ ಬಿದ್ದುಕೊಂಡರೆ ಆಗಲೂ ತೋರಿಸು.

ಹಗ್ಗ ಒಂದು 3 ಮೀಟರ್ ಉದ್ದ ಇರಲಿ, ಕುತ್ತಿಗೆಗಿಂತ ಎದೆಪಟ್ಟಿಗೆ ಕಟ್ಟಿದರೆ ಚೆನ್ನ. 20 ನಿಮಿಷ ದಾರಿ ಅವನೇ ಆರಿಸಲಿ. ಎಳೇ ನಾಯಿ, ಓಟವೂ ಬೇಕು, ಅದು ಬೇರೆ ಹೊತ್ತಲ್ಲಿ. ಇದನ್ನೆಲ್ಲ ನಿನಗೆ ಹೇಳೋಕೆ ನಾನ್ಯಾರು, ಕರಿಯನನ್ನು ಎಳೆದುಕೊಂಡು ಹೋದವನು.

ಹಗ್ಗದ ಸದ್ದಿಗೆ ಎದ್ದನಾ ಇಲ್ಲವಾ, ಇಷ್ಟೇ ಬರೆದು ಹಾಕು. ಅದೊಂದು ತಿಳಿಯೋವರೆಗೂ ನನಗೆ ಸಮಾಧಾನ ಇಲ್ಲ.

ನಿನ್ನ ದೊಡ್ಡಪ್ಪ