ಆ ಹತ್ತು ಸೆಕೆಂಡು

ಮಾಟುಂಗಾ, ಮುಂಬಯಿ

ಪ್ರೀತಿಯ ತಂಗಿ,

ವಿಜಯ್ ತೆಂಡೂಲ್ಕರ್ ಅವರ ಮರಾಠಿ ನಾಟಕ ‘ಶಾಂತತಾ! ಕೋರ್ಟ್ ಚಾಲೂ ಆಹೆ’ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಹೊರಗೆ ಕಳಿಸುವ ಮೊದಲು ಅದರ ಒಂದು ಸಾಲನ್ನು ನೀನು ಮತ್ತೆ ಯೋಚಿಸಬೇಕು. ‘ಕೊನೆಯಲ್ಲಿ ಬೇಣಾರೆ ಮೌನ ಮುರಿದು ಇಡೀ ಕೋರ್ಟಿಗೆ ಉತ್ತರ ಕೊಡುತ್ತಾಳೆ’ ಎಂದು ಬರೆದಿದ್ದೀಯ. ತುಂಬಾ ಜನ ಹೀಗೇ ಬರೆಯುತ್ತಾರೆ. ಆದರೆ ನಾಟಕದ ಪುಸ್ತಕ ಹಾಗೆ ಹೇಳುವುದಿಲ್ಲ. ನೀನು ಮಾತುಗಳನ್ನು ಗಮನವಿಟ್ಟು ಓದಿದ್ದೀಯ, ಕಂಸದೊಳಗಿನ ರಂಗಸೂಚನೆಗಳನ್ನು ಹಾರಿಸಿಕೊಂಡು ಹೋಗಿದ್ದೀಯ. ಈ ನಾಟಕದಲ್ಲಿ ಹಾಗೆ ಮಾಡಿದರೆ ಅರ್ಥವೇ ತಿರುಗಿಬಿಡುತ್ತದೆ.

ಆ ಜಾಗವನ್ನು ಮತ್ತೆ ತೆಗೆದು ನೋಡು. ಆಟಕ್ಕೆಂದು ಶುರುವಾದ ಅಣಕು ವಿಚಾರಣೆ ಮುಗಿಯುತ್ತಾ ಬಂದಿದೆ, ಆರೋಪಿ ಬೇಣಾರೆ. ನ್ಯಾಯಾಧೀಶನ ಪಾತ್ರದ ಕಾಶೀಕರ್, ಶಿಕ್ಷೆ ಹೇಳುವ ಮೊದಲು ಏನಾದರೂ ಹೇಳುವುದಿದೆಯಾ ಎಂದು ಬೇಣಾರೆಯನ್ನು ಕೇಳುತ್ತಾನೆ. ಗಡಿಯಾರ ಮುಂದಿಟ್ಟುಕೊಂಡು ಹತ್ತು ಸೆಕೆಂಡು ಕೊಡುತ್ತಾನೆ. ಅವಳು ಅಲುಗಾಡುವುದಿಲ್ಲ. ಆಮೇಲೆ ರಂಗಸೂಚನೆ ಬರುತ್ತದೆ: ಎಲ್ಲಿಂದಲೋ ಸಂಗೀತ ಕೇಳುತ್ತದೆ, ಬೆಳಕು ಬದಲಾಗುತ್ತದೆ, ಕೋರ್ಟಿನಲ್ಲಿದ್ದವರೆಲ್ಲ ಇದ್ದ ಭಂಗಿಯಲ್ಲೇ ಸ್ತಬ್ಧರಾಗುತ್ತಾರೆ. ಆಗ ಬೇಣಾರೆ ಎದ್ದು ನಿಲ್ಲುತ್ತಾಳೆ, ಹೇಳುವುದು ಬಹಳ ಇದೆ ಎಂದು ಶುರುಮಾಡುತ್ತಾಳೆ. ಹರೆಯದಲ್ಲಿ ಸೋದರಮಾವನ ಮೇಲೆ ಹುಟ್ಟಿದ ಪ್ರೀತಿ, ಸಾಯಲು ಹೊರಟಿದ್ದು, ಆಮೇಲೆ ಪ್ರೊಫೆಸರ್ ದಾಮಲೆಯ ಜೊತೆಗಿನ ಸಂಬಂಧ, ಈಗ ಹೊಟ್ಟೆಯಲ್ಲಿರುವ ಮಗು, ಎಲ್ಲ ಬರುತ್ತದೆ. ರಂಗದ ಮೇಲೆ ಇದಕ್ಕೆ ಹಲವು ನಿಮಿಷ ಬೇಕು. ಮುಗಿದಾಗ ಬೆಳಕು ಮೊದಲಿನಂತಾಗುತ್ತದೆ, ಸ್ತಬ್ಧರಾದವರಿಗೆ ಜೀವ ಬರುತ್ತದೆ. ಕಾಶೀಕರ್ ಗಡಿಯಾರ ನೋಡಿ ಹೊತ್ತು ಮುಗಿಯಿತು ಅನ್ನುತ್ತಾನೆ.

ಈಗ ಲೆಕ್ಕ ಹಾಕು. ಕಾಶೀಕರನ ಗಡಿಯಾರದಲ್ಲಿ ಕಳೆದದ್ದು ಹತ್ತು ಸೆಕೆಂಡು ಮಾತ್ರ. ಆ ಹತ್ತು ಸೆಕೆಂಡಿನಲ್ಲಿ ಅಲ್ಲಿದ್ದವರು ಕಂಡದ್ದು ಅಲುಗಾಡದೆ ಕೂತ ಒಬ್ಬ ಹೆಂಗಸನ್ನು. ಅವಳ ದೀರ್ಘ ಮಾತು ಕೇಳಿದ್ದು ನಮಗೆ, ಅಂದರೆ ಟಿಕೆಟ್ ತೆಗೆದುಕೊಂಡು ಕತ್ತಲಲ್ಲಿ ಕೂತವರಿಗೆ. ಕೋರ್ಟಿನ ಮಟ್ಟಿಗೆ ಅವಳು ಬಾಯಿಯನ್ನೇ ತೆರೆಯಲಿಲ್ಲ. ಅವಳು ಮೌನ ಮುರಿಯುವುದಿಲ್ಲ, ತೆಂಡೂಲ್ಕರ್ ಆ ಮೌನದ ಒಳಕ್ಕೆ ನಮ್ಮನ್ನು ಮಾತ್ರ ಬಿಡುತ್ತಾರೆ.

ಇದು ನಿನ್ನಕ್ಕನ ಊಹೆ ಅಲ್ವಾ ಅಂತ ನೀನು ಕೇಳಬಹುದು. ಕೇಳಲೇಬೇಕು. ಮುಂದಿನ ಪುಟಗಳನ್ನು ಓದಿ ಪರೀಕ್ಷೆ ಮಾಡು. ಆ ಮಾತನ್ನು ಅವರು ಕೇಳಿಸಿಕೊಂಡಿದ್ದರೆ ಯಾರಾದರೂ ಅದರಲ್ಲಿ ಒಂದನ್ನಾದರೂ ಹಿಡಿಯಬೇಕಿತ್ತು. ಸುಖಾತ್ಮೆ ವಕೀಲ, ಸಿಕ್ಕಿದ್ದನ್ನು ಬಿಡುವವನಲ್ಲ. ಶ್ರೀಮತಿ ಕಾಶೀಕರ್ ಅಂತೂ ಇಂಥ ಸುದ್ದಿಗೇ ಕಾಯುತ್ತಿರುವ ಹೆಂಗಸು. ಸೋದರಮಾವನ ವಿಷಯವನ್ನು ಬೇಣಾರೆಯೇ ಬಾಯಿಬಿಟ್ಟು ಒಪ್ಪಿಕೊಂಡದ್ದು ಕಿವಿಗೆ ಬಿದ್ದಿದ್ದರೆ ಸುಮ್ನೆ ಇರುತ್ತಿದ್ದಳಾ? ಬೇಣಾರೆ ಹೇಳಿದ ಯಾವುದಕ್ಕೂ ಯಾರೂ ಉತ್ತರ ಕೊಡುವುದಿಲ್ಲ, ವಿಚಾರಣೆ ತನ್ನ ಪಾಡಿಗೆ ಶಿಕ್ಷೆಯ ಕಡೆ ಸಾಗುತ್ತದೆ. ಒಂದು ಮೌನ ಏನು ಹೇಳುತ್ತದೆ ಎಂದು ತಿಳಿಯಬೇಕಾದರೆ ಅದಾದ ಕೂಡಲೇ ಬರುವ ಮಾತನ್ನು ನೋಡಬೇಕು. ಹಿಂದಿನ ಮಾತಿಗಿಂತ ಮುಂದಿನ ಮಾತೇ ಜಾಸ್ತಿ ಸಾಕ್ಷಿ ಹೇಳುತ್ತದೆ.

ಇಲ್ಲಿಂದ ನೀನು ಹಿಂದಕ್ಕೆ ಓದಿಕೊಂಡು ಹೋಗು. ಮೊದಲ ಅಂಕದ ಬೇಣಾರೆ ಬಾಯಿ ಮುಚ್ಚುವವಳೇ ಅಲ್ಲ. ಹಾಡುತ್ತಾಳೆ, ನಗುತ್ತಾಳೆ, ಜೊತೆಗಾರರನ್ನೆಲ್ಲ ರೇಗಿಸುತ್ತಾಳೆ. ಮುಂಬಯಿಯ ಹವ್ಯಾಸಿ ತಂಡ ಒಂದು ಹಳ್ಳಿಯ ಸಭಾಂಗಣಕ್ಕೆ ಬಂದಿದೆ, ರಾತ್ರಿಯ ಅಣಕು ಕೋರ್ಟಿಗೆ ಮೊದಲು ಸಮಯ ಕಳೆಯಲು ಇನ್ನೊಂದು ಸುಳ್ಳು ವಿಚಾರಣೆಯ ಆಟ ಹೂಡುತ್ತಾರೆ. ಅವಳನ್ನೇ ಆರೋಪಿ ಮಾಡುತ್ತಾರೆ. ಭ್ರೂಣಹತ್ಯೆ ಎಂಬ ಆರೋಪ ಓದಿದಾಗ ಅವಳು ಮೊದಲ ಸಲ ದಂಗಾಗಿ ನಿಲ್ಲುತ್ತಾಳೆ. ಅಲ್ಲಿಯ ಸೂಚನೆಯಲ್ಲಿ ಅರ್ಧ ಅವಳದು, ಇನ್ನರ್ಧ ಉಳಿದವರದು: ಎಲ್ಲರ ಮುಖವೂ ವಿಪರೀತ ಗಂಭೀರವಾಗಿದೆ. ಆಟವಾಡುವವರು ಹಾಗೆ ಗಂಭೀರರಾಗಬೇಕಿಲ್ಲ. ಆಟ ಎಲ್ಲಿ ಆಟವಾಗಿ ಉಳಿಯಲಿಲ್ಲ ಎಂಬುದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಒಂದು ಸಾಲಿನ ಕಂಸ ಹೇಳುತ್ತದೆ. ಮೌನದ ಸೂಚನೆ ಬಂದಾಗ ಬಾಯಿ ಮುಚ್ಚಿದವರನ್ನು ಮಾತ್ರ ನೋಡಬೇಡ, ಸುತ್ತ ಇದ್ದವರಿಗೆ ನಾಟಕಕಾರ ಏನು ಕೊಟ್ಟಿದ್ದಾನೆ ಅಂತಲೂ ನೋಡು.

ಆಮೇಲೆ ಬಾಗಿಲು. ನಾಟಕ ಶುರುವಾಗುವುದೇ ಬೇಣಾರೆಯ ಬೆರಳು ಆ ಸಭಾಂಗಣದ ಬಾಗಿಲಿನ ಚಿಲಕಕ್ಕೆ ಸಿಕ್ಕಿ ನೋವಾಗುವುದರಿಂದ. ಓದುವಾಗ ಇದು ಲೆಕ್ಕಕ್ಕಿಲ್ಲದ ವಿವರ ಅನಿಸುತ್ತದೆ. ಮುಂದೆ ಆಟ ಕೈಮೀರಿದಾಗ ಅವಳು ಚೀಲ ಎತ್ತಿಕೊಂಡು ಹೊರಡುತ್ತಾಳೆ, ಚಿಲಕ ತೆಗೆದು ಎಳೆಯುತ್ತಾಳೆ. ಬಾಗಿಲು ಬರುವುದಿಲ್ಲ, ಹೊರಗಿನಿಂದ ಹಾಕಿಕೊಂಡಿದೆ. ಬೇಕೆಂದೇ ಹಾಕಿದವರು ಯಾರೂ ಇಲ್ಲ. ಇಲ್ಲಿ ನಿನ್ನ ಲೇಖನ ‘ಅಸಹಾಯಕತೆ’ ಎಂಬ ಒಂದು ಪದ ಹಾಕಿ ಮುಂದೆ ಹೋಗಿದೆ. ನಿಧಾನವಾಗಿ ನೋಡು: ಮಾತಿನಲ್ಲಿ ಇವರನ್ನೆಲ್ಲ ಸೋಲಿಸಬಲ್ಲವಳು ಕೊನೆಗೆ ಮಾತನ್ನು ಬಿಟ್ಟು ಕೈಕಾಲಿಗೆ ಕೆಲಸ ಕೊಡುತ್ತಾಳೆ, ಅದೂ ನಡೆಯುವುದಿಲ್ಲ. ಆಮೇಲೆಯೇ ಅವಳ ದೊಡ್ಡ ಮೌನ ಶುರುವಾಗುವುದು.

ಮೂರನೇ ಅಂಕದಲ್ಲಿ ನೀನು ಮಾಡಬೇಕಾದ ಕೆಲಸವೊಂದಿದೆ. ನಿನಗೆ ಮರಾಠಿ ಚೆನ್ನಾಗಿ ಬರುತ್ತದೆ, ಮೂಲವನ್ನೇ ಇಟ್ಟುಕೋ. ಒಂದು ಹಾಳೆಯಲ್ಲಿ ಆ ಅಂಕದ ರಂಗಸೂಚನೆಗಳನ್ನು ಮಾತ್ರ ಬರೆದುಕೊ, ಮಾತುಗಳನ್ನು ಬಿಡು. ಪ್ರತಿ ಸೂಚನೆಯ ಎದುರು ಅದಕ್ಕೆ ಮೊದಲು ಮಾತಾಡಿದವರು ಯಾರು, ಆಮೇಲೆ ಮಾತಾಡಿದವರು ಯಾರು ಅಂತ ಗುರುತು ಹಾಕು. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಬೇಣಾರೆ ಸುಮ್ಮನಿದ್ದಾಗಲೆಲ್ಲ ಆ ಜಾಗ ಖಾಲಿ ಉಳಿಯುವುದಿಲ್ಲ ಎಂದು ಗೊತ್ತಾಗುತ್ತದೆ. ವಯಸ್ಸೆಷ್ಟು ಎಂದರೆ ಅವಳು ಹೇಳುವುದಿಲ್ಲ, ಅವಳ ಪರವಾಗಿ ಬೇರೆಯವರು ಹೇಳುತ್ತಾರೆ. ಇನ್ನೂ ಮದುವೆ ಯಾಕಾಗಿಲ್ಲ ಎಂಬುದಕ್ಕೂ ಕಾರಣವನ್ನು ಅವರೇ ಹೊಲಿಯುತ್ತಾರೆ. ಅವಳ ಸುಮ್ಮನಿರುವಿಕೆಯೇ ಒಪ್ಪಿಗೆ ಎನ್ನುವಂತೆ ಸಾಕ್ಷಿ ಬೆಳೆಯುತ್ತಾ ಹೋಗುತ್ತದೆ. ಈ ಅಂಕದ ಹಿಂಸೆ ಇರುವುದು ಅಲ್ಲಿ. ಅವಳ ಬಾಯಿ ಮುಚ್ಚಿಸುವುದು ಒಂದು, ಮುಚ್ಚಿದ ಬಾಯಿಯ ಮಾತನ್ನು ತಾವೇ ಆಡಿಬಿಡುವುದು ಇನ್ನೊಂದು. ಎರಡನ್ನೂ ‘ದಮನ’ ಎಂದು ಒಂದೇ ಗಂಟು ಕಟ್ಟಬೇಡ.

ಅದರ ಜೊತೆಗೆ ಕಾಶೀಕರನ ಸುತ್ತಿಗೆಯನ್ನೂ ಗಮನಿಸು. ಅವನು ಶಾಂತತೆ ಕೇಳುವುದು ಯಾವಾಗ, ಯಾರ ಮಾತಿಗೆ ಅಡ್ಡಹಾಕಿ, ಯಾರ ಮಾತನ್ನು ಹಾಗೇ ಹೋಗಲು ಬಿಟ್ಟು? ನಿನ್ನ ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಇರಲಿ.

ಇನ್ನು ಒಂದು ಎಚ್ಚರಿಕೆ. ನೀನು ನೋಡಿದ ಪ್ರಯೋಗದಲ್ಲಿ ಬೇಣಾರೆ ಮಾತಾಡುವಾಗ ಉಳಿದವರು ಅವಳ ಕಡೆ ತಿರುಗಿ ನೋಡುತ್ತಿದ್ದರು ಎಂದು ಬರೆದಿದ್ದೀಯ, ಅದನ್ನೇ ನಾಟಕದ ಅರ್ಥ ಅಂತಲೂ ತೆಗೆದುಕೊಂಡಿದ್ದೀಯ. ಇವು ಎರಡು ಬೇರೆ ವಿಷಯ. ಪುಸ್ತಕದಲ್ಲಿ ಅವರು ಸ್ತಬ್ಧರು. ಹಾಗಿರುವಾಗ ಅವಳ ಸಂಕಟ ಯಾರಿಗೂ ತಲುಪಲೇ ಇಲ್ಲ. ಆ ಪ್ರಯೋಗದಲ್ಲಿ ಅವರು ಕತ್ತು ತಿರುಗಿಸಿದ ಕ್ಷಣವೇ ಅವಳ ಮಾತು ತಲುಪಿತು ಎಂದಾಯಿತು. ಆಗ ಅವರು ಎಲ್ಲ ಕೇಳಿಯೂ ಕರಗದೆ ಶಿಕ್ಷೆ ಕೊಟ್ಟ ಜನ. ಒಂದರಲ್ಲಿ ಕಿವುಡುತನ, ಇನ್ನೊಂದರಲ್ಲಿ ಗೊತ್ತಿದ್ದೂ ಮಾಡಿದ ಕ್ರೌರ್ಯ. ನಿರ್ದೇಶಕರಿಗೆ ಬದಲಾಯಿಸುವ ಹಕ್ಕಿದೆ. ಕೆಲವು ಕಡೆ ಅದು ಚೆನ್ನಾಗಿಯೂ ಇರುತ್ತದೆ. ನನಗೆ ಮಾತ್ರ ಪುಸ್ತಕದ್ದೇ ಹೆಚ್ಚು ಭಯ ಹುಟ್ಟಿಸುತ್ತದೆ. ಕೇಳಿಸಿಕೊಂಡವರನ್ನು ಬೈಯಬಹುದು, ಕೇಳಿಸಿಕೊಳ್ಳದವರಿಗೆ ಏನು ಹೇಳುವುದು? ನೀನು ಬೇಕಾದರೆ ಎರಡನ್ನೂ ಎದುರುಬದುರು ಇಟ್ಟು ಬರೆ, ಅದೇ ಒಳ್ಳೆಯ ಲೇಖನವಾದೀತು. ಆದರೆ ಯಾವುದು ಅಚ್ಚಿನಲ್ಲಿರುವುದು, ಯಾವುದು ಆ ಸಂಜೆಯ ನಟರು ಸೇರಿಸಿದ್ದು ಎಂದು ಓದುವವರಿಗೆ ಸ್ಪಷ್ಟವಾಗಿ ಹೇಳು. 1967ರಲ್ಲಿ ಇಲ್ಲೇ ಮುಂಬಯಿಯಲ್ಲಿ ಇಲ್ಲಿಯದೇ ಮರಾಠಿ ತಂಡ ರಂಗಾಯನ ಅರವಿಂದ್ ದೇಶಪಾಂಡೆ ಅವರ ನಿರ್ದೇಶನದಲ್ಲಿ ಈ ನಾಟಕ ಆಡಿತ್ತು, ಬೇಣಾರೆ ಆಗಿದ್ದವರು ಸುಲಭಾ ದೇಶಪಾಂಡೆ. ಅದನ್ನು ಕಣ್ಣಾರೆ ಕಂಡ ಹಿರಿಯರು ನಿನಗೆ ಇವತ್ತೂ ದಾದರ್ ಕಡೆ ಸಿಕ್ಕಾರು. ಅವರು ‘ಸುಲಭಾತಾಯಿ ಇಲ್ಲಿ ಇಷ್ಟು ಹೊತ್ತು ನಿಲ್ಲಿಸುತ್ತಿದ್ದರು’ ಎಂದರೆ ಪ್ರೀತಿಯಿಂದ ಬರೆದುಕೊ, ಆದರೆ ನಟಿ ತೆಗೆದುಕೊಂಡ ವಿರಾಮ ಎಂದೇ ಬರೆದುಕೊ.

ಹತ್ತು ಸೆಕೆಂಡಿನ ಬಗ್ಗೆ ನಾನು ಹೇಳಿದ ಓದಿಗೆ ಇನ್ನೊಂದು ಆಧಾರ ಕೊನೆಯ ಪುಟದಲ್ಲಿದೆ, ನೀನು ಅದನ್ನು ಮುಟ್ಟಿಯೇ ಇಲ್ಲ. ಶಿಕ್ಷೆ ಕೇಳಿ ಅವಳು ಕುಸಿಯುತ್ತಾಳೆ. ಅಷ್ಟರಲ್ಲಿ ಊರ ಜನ ಬಾಗಿಲು ತೆರೆದು ಇಣುಕುತ್ತಾರೆ, ಉಳಿದವರು ಏನೂ ಆಗದವರ ಹಾಗೆ ಪ್ರದರ್ಶನದ ತಯಾರಿಗೆ ಹೊರಡುತ್ತಾರೆ. ಸಾಮಂತ್ ಎಂಬ ಹಳ್ಳಿಯ ಹುಡುಗ ತನ್ನ ಹಸಿರು ಬಟ್ಟೆಯ ಗಿಳಿಯನ್ನು ಅವಳ ಪಕ್ಕ ಇಟ್ಟು ಹೋಗುತ್ತಾನೆ. ಅವಳು ಸ್ವಲ್ಪ ಅಲುಗುತ್ತಾಳೆ, ಮತ್ತೆ ಆ ಪ್ರಯತ್ನವನ್ನೂ ಬಿಡುತ್ತಾಳೆ. ಆಗ ಗಿಳಿ ಗುಬ್ಬಿಯ ಹಾಡು ಕೇಳುತ್ತದೆ, ಅವಳದೇ ದನಿಯಲ್ಲಿ, ಆದರೆ ಎಲ್ಲಿಂದಲೋ. ಅವಳ ತುಟಿ ಹಾಡುತ್ತಿಲ್ಲ. ದೇಹ ಒಂದು ಕಡೆ ಸುಮ್ಮನೆ ಬಿದ್ದಿದೆ, ದನಿ ಇನ್ನೊಂದು ಕಡೆಯಿಂದ ಬರುತ್ತಿದೆ, ಕೇಳುತ್ತಿರುವವರು ನಾವು ಮಾತ್ರ. ಹತ್ತು ಸೆಕೆಂಡಿನಲ್ಲಿ ಆದದ್ದೂ ಇದೇ ಕಟ್ಟು. ಒಮ್ಮೆ ಆದದ್ದನ್ನು ಬೆಳಕಿನ ಚಮತ್ಕಾರ ಅನ್ನಬಹುದಿತ್ತು, ಎರಡನೇ ಸಲವೂ ಆದರೆ ನಾಟಕಕಾರ ಅದನ್ನು ಬೇಕೆಂದೇ ಕಟ್ಟಿದ್ದಾನೆ ಎಂದು ಧೈರ್ಯವಾಗಿ ಬರೆಯಬಹುದು. ಮೊದಲ ಅಂಕದಲ್ಲಿ ಎಲ್ಲರ ಎದುರು ಬಾಯಿತುಂಬಾ ಹಾಡುತ್ತಿದ್ದವಳು ಇವಳೇ ಅನ್ನುವುದನ್ನೂ ಅಲ್ಲೇ ಸೇರಿಸು.

ಲೇಖನವನ್ನು ಪೂರ್ತಿ ತಿದ್ದಲು ಹೋಗಬೇಡ. ‘ಮೌನವೂ ಮಾತಾಡುತ್ತದೆ’ ಎಂದು ಎರಡು ಕಡೆ ಬರೆದಿದ್ದೀಯ, ಎರಡನ್ನೂ ತೆಗೆ. ಆ ಜಾಗದಲ್ಲಿ ಯಾರ ಮೌನ, ಅದನ್ನು ತುಂಬಿದವರು ಯಾರು ಎಂದು ಬರೆ. ಮೂರನೇ ಅಂಕದ ಹಾಳೆ ತಯಾರಾದ ಮೇಲೆ ಅದನ್ನೂ, ಹೊಸದಾಗಿ ಬರೆದ ಕೊನೆಯ ಎರಡು ಪುಟಗಳನ್ನೂ ಕಳಿಸು. ದೀಪಾವಳಿ ಸಂಚಿಕೆಗೆ ಕೊಡುವುದಾದರೆ ಇನ್ನೂ ಸಮಯ ಇದೆ.

ನಿನ್ನ ಅಕ್ಕ