ನಂಬರ್, ವಿಳಾಸ ಬದಲಾಯಿಸೋಕೆ ಬ್ಯಾಂಕಿಗೆ ಅರ್ಜಿ ಹೇಗೆ ಬರೀಬೇಕು

ಮಾನ್ಯ ಸಂಪಾದಕರೇ,

ಖಾತೆಯಿಂದ ದುಡ್ಡು ಹೋಯ್ತು ಅನ್ನೋ ಸುದ್ದಿ ನಿಮ್ಮ ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ, ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ಅದರ ಕೆಳಗೇ ಎಚ್ಚರಿಕೆನೂ ಇರುತ್ತೆ. ಆದ್ರೆ ಆ ಓಟಿಪಿ ಯಾವ ನಂಬರಿಗೆ ಹೋಗ್ತಿದೆ, ಆ ನಂಬರ್ ಈಗ ಯಾರ ಕೈಯಲ್ಲಿದೆ ಅನ್ನೋದರ ಬಗ್ಗೆ ಯಾರೂ ಬರೆಯಲ್ಲ. ನಾನು ಬ್ಯಾಂಕಿನ ಕೌಂಟರಲ್ಲಿ ಕೂತು ರಿಟೈರ್ ಆದವನು, ನಂಬರ್ ಮತ್ತೆ ವಿಳಾಸ ಬದಲಾಯಿಸಿ ಅಂತ ಬಂದ ಅರ್ಜಿಗಳನ್ನ ರಾಶಿರಾಶಿ ನೋಡಿದೀನಿ, ಅದ್ರಲ್ಲಿ ತುಂಬಾ ವಾಪಸ್ ಹೋಗ್ತಿದ್ವು. ವಾಪಸ್ ಹೋಗೋಕೆ ಕಾರಣ ಸಾಮಾನ್ಯವಾಗಿ ಅರ್ಜಿಯಲ್ಲೇ ಇರುತ್ತೆ, ಅದಕ್ಕೇ ಇದನ್ನ ಬರೀತಿದೀನಿ.

ನಮ್ಮ ಅತ್ತಿಗೆ ವಿಷಯನೇ ತಗೊಳ್ಳಿ. ಅಣ್ಣ ತೀರಿಕೊಂಡ ಮೇಲೆ ಅವರು ಅರಸೀಕೆರೆ ಮನೆ ಖಾಲಿ ಮಾಡಿ ಮೈಸೂರಲ್ಲಿ ಮಗಳ ಮನೆಗೆ ಬಂದ್ರು. ಫ್ಯಾಮಿಲಿ ಪೆನ್ಷನ್ ಅರಸೀಕೆರೆ ಬ್ರಾಂಚಿಗೇ ಬರುತ್ತೆ. ಖಾತೆಗೆ ಕೊಟ್ಟಿದ್ದ ನಂಬರ್ ಅಣ್ಣಂದು, ಆ ಫೋನು ಬೀರುವಿನಲ್ಲಿ ಇತ್ತು, ರೀಚಾರ್ಜ್ ಇಲ್ಲ. ಆ ಕಾಲದಲ್ಲಿ ಎಲ್ಲಾ ಮನೆಯಲ್ಲೂ ಹೀಗೇ, ಯಜಮಾನರ ನಂಬರನ್ನೇ ಹೆಂಗಸರ ಖಾತೆಗೂ ಕೊಡ್ತಿದ್ರು.

ಇಲ್ಲಿ ಒಂದು ವಿಷಯ ತಿಳ್ಕೋಬೇಕು. ಪ್ರಿಪೇಯ್ಡ್ ಸಿಮ್ಮನ್ನ 90 ದಿನ ಬಳಸದೇ ಇದ್ರೆ, ಅದರಲ್ಲಿ ಬ್ಯಾಲೆನ್ಸೂ ಇಲ್ಲದಿದ್ರೆ ಕಂಪನಿಯವರು ಅದನ್ನ ಬಂದ್ ಮಾಡಬಹುದು. ಬಂದ್ ಆದ ಮೇಲೆ ಇನ್ನೊಂದು 90 ದಿನ ಆ ನಂಬರನ್ನ ಯಾರಿಗೂ ಕೊಡೋ ಹಾಗಿಲ್ಲ, ಅದಾದ ಮೇಲೆ ಹೊಸ ಗಿರಾಕಿಗೆ ಕೊಡಬಹುದು. ಅಂದ್ರೆ ಬೀರುವಿನಲ್ಲಿ ಫೋನಿಟ್ಟು ಆರು ತಿಂಗಳು ಸುಮ್ಮನಿದ್ರೆ, ಪೆನ್ಷನ್ ಜಮಾ ಆದ ಮೆಸೇಜು, ಬ್ಯಾಲೆನ್ಸು, ಓಟಿಪಿ ಎಲ್ಲಾ ಯಾರೋ ಗುರುತಿಲ್ಲದವರ ಫೋನಿಗೆ ಹೋಗೋ ಸಾಧ್ಯತೆ ಇದೆ. ಬಂದ್ ಆದ ನಂಬರುಗಳ ಪಟ್ಟಿ ನೋಡಿ ಖಾತೆಗಳನ್ನ ಸರಿಮಾಡಿಕೊಳ್ಳಿ ಅಂತ ರಿಸರ್ವ್ ಬ್ಯಾಂಕು 2025ರಲ್ಲಿ ಬ್ಯಾಂಕುಗಳಿಗೆ ಹೇಳಿದೆ, ಆದ್ರೆ ಆ ಪಟ್ಟಿ ನೋಡಿ ಹಳೇ ನಂಬರ್ ತೆಗೀಬಹುದೇ ಹೊರತು ನಿಮ್ಮ ಹೊಸ ನಂಬರ್ ಯಾವುದು ಅಂತ ಬ್ಯಾಂಕಿಗೆ ಹೇಗೆ ಗೊತ್ತಾಗುತ್ತೆ, ಅದನ್ನ ನೀವೇ ಬರೆದು ಕೊಡಬೇಕು.

ಅತ್ತಿಗೆ ಮೊದಲು ಬರೆದಿದ್ದ ಅರ್ಜಿಯಲ್ಲಿ ಇದ್ದದ್ದು ಎರಡೇ ಸಾಲು, "ನನ್ನ ಮೊಬೈಲ್ ನಂಬರ್ ಮತ್ತು ವಿಳಾಸ ಬದಲಾಗಿದೆ, ದಯವಿಟ್ಟು ಬದಲಾಯಿಸಿ ಕೊಡಿ" ಅಂತ, ಜೊತೆಗೆ ಪ್ಯಾನ್ ಕಾರ್ಡ್ ಜೆರಾಕ್ಸು, ಅಳಿಯನ ಹೆಸರಲ್ಲಿದ್ದ ಕರೆಂಟ್ ಬಿಲ್ಲು. ಬ್ರಾಂಚಿನವರು ತಗೊಳ್ಳಲಿಲ್ಲ. ತಗೊಳ್ಳದೇ ಇದ್ದದ್ದು ಸರಿಯೇ, ಆದ್ರೆ ಯಾಕೆ ಅಂತ ಅವರಿಗೆ ಬಿಡಿಸಿ ಹೇಳಲಿಲ್ಲ, ಅದು ತಪ್ಪು. ಪ್ಯಾನ್ ಕಾರ್ಡಲ್ಲಿ ವಿಳಾಸನೇ ಇರಲ್ಲ, ಅದು ವಿಳಾಸಕ್ಕೆ ಪುರಾವೆ ಆಗಲ್ಲ. ಕರೆಂಟ್ ಬಿಲ್ಲು ಖಾತೆದಾರರ ಹೆಸರಲ್ಲಿದ್ರೆ ಮಾತ್ರ ಕೆಲಸಕ್ಕೆ ಬರುತ್ತೆ, ಅದೂ ಎರಡು ತಿಂಗಳಿಗಿಂತ ಹಳೇದಾಗಿರಬಾರದು. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿ ಪೂರ್ತಿ ಪುರಾವೆ ಅಂತ ಒಪ್ಪೋದು ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ನರೇಗಾ ಜಾಬ್ ಕಾರ್ಡ್, ಮತ್ತೆ ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಈ ದಾಖಲೆಯಲ್ಲಿ ಹೊಸ ವಿಳಾಸ ಇನ್ನೂ ಬಂದಿಲ್ಲ ಅಂದ್ರೆ ಕರೆಂಟ್, ನೀರು, ಪೋಸ್ಟ್‌ಪೇಯ್ಡ್ ಫೋನು, ಪೈಪ್ ಗ್ಯಾಸ್ ಬಿಲ್ಲು ಅಥವಾ ಮನೆ ಕಂದಾಯದ ರಸೀದಿ ಕೊಡಬಹುದು, ಆದ್ರೆ ಮೂರು ತಿಂಗಳೊಳಗೆ ಹೊಸ ವಿಳಾಸ ಇರೋ ಪೂರ್ತಿ ದಾಖಲೆ ತಂದು ಕೊಡಬೇಕು.

ಮಕ್ಕಳ ಮನೆಗೆ ಬಂದ ಹಿರಿಯರು, ಬಾಡಿಗೆ ಮನೆಯಲ್ಲಿರೋರು ಸಿಕ್ಕಿಬೀಳೋದು ಇಲ್ಲೇ. ಬಿಲ್ಲು ಓನರ್ ಹೆಸರಲ್ಲಿ, ಕಂದಾಯ ಓನರ್ ಹೆಸರಲ್ಲಿ, ಇವರ ಹೆಸರಲ್ಲಿ ಆ ವಿಳಾಸಕ್ಕೆ ಒಂದು ಚೀಟಿನೂ ಇಲ್ಲ. ಹಾಗಾಗಿ ಬ್ಯಾಂಕಿಗೆ ಹೋಗೋಕೆ ಮುಂಚೆ ಆಧಾರ್ ಸರಿಮಾಡಿಸಿಕೊಳ್ಳೋದೇ ಸರಿಯಾದ ದಾರಿ. ಅತ್ತಿಗೆ ಹೆಸರಲ್ಲೇ ಒಂದು ಹೊಸ ಸಿಮ್ ತಗೊಂಡ್ವಿ, ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಆ ನಂಬರ್ ಸೇರಿಸಿದ್ವಿ, ಯಾಕಂದ್ರೆ ಆಧಾರಿಗೆ ಮೊಬೈಲ್ ನಂಬರ್ ಬದಲಾಯಿಸೋದಕ್ಕೆ ನಾವು ಕೇಂದ್ರಕ್ಕೇ ಹೋಗಬೇಕಾಯ್ತು. ವಿಳಾಸಕ್ಕೆ ಇನ್ನೊಂದು ಅನುಕೂಲ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ: ಕುಟುಂಬದ ಮುಖ್ಯಸ್ಥರ ಆಧಾರಿನ ಮೇಲೆ ವಿಳಾಸ ಬದಲಾಯಿಸಬಹುದು. ಮುಖ್ಯಸ್ಥರು ಅಂದ್ರೆ ಗಂಡಸೇ ಆಗಬೇಕು ಅಂತಿಲ್ಲ, 18 ತುಂಬಿದ ಯಾರಾದ್ರೂ ಆಗಬಹುದು, ಸಂಬಂಧ ತೋರಿಸೋ ಒಂದು ದಾಖಲೆ ಬೇಕು. ಮಗಳ ಆಧಾರಲ್ಲಿ ಮೈಸೂರು ವಿಳಾಸ ಇತ್ತು, ಮಗಳ ಪಾಸ್‌ಪೋರ್ಟಲ್ಲಿ ತಾಯಿ ಹೆಸರು ಇತ್ತು, ಅಷ್ಟು ಸಾಕಾಯ್ತು. ಆನ್‌ಲೈನಲ್ಲಿ ಮಾಡಿದ್ರೆ ಮುಖ್ಯಸ್ಥರು 30 ದಿನದೊಳಗೆ ತಮ್ಮ ಲಾಗಿನಲ್ಲಿ ಒಪ್ಪಿಗೆ ಕೊಡಬೇಕು, ಕೊಡದೇ ಇದ್ರೆ ಅರ್ಜಿ ಬಿದ್ದು ಹೋಗುತ್ತೆ, ಕಟ್ಟಿದ ಫೀಸೂ ವಾಪಸ್ ಬರಲ್ಲ.

ಇದೆಲ್ಲ ಆದ ಮೇಲೆ ಅತ್ತಿಗೆ ಮತ್ತೆ ಅರ್ಜಿ ಬರೆದ್ರು. ನಂಬರುಗಳ ಜಾಗ ಖಾಲಿ ಬಿಟ್ಟು ಹಾಗೇ ಕೊಡ್ತಿದೀನಿ, ಬೇಕಾದವರು ಬರೆದಿಟ್ಟುಕೊಳ್ಳಲಿ.

"ಶಾಖಾ ವ್ಯವಸ್ಥಾಪಕರಿಗೆ, ಅರಸೀಕೆರೆ ಶಾಖೆ.

ವಿಷಯ: ಗ್ರಾಹಕರ ಐಡಿ ______ಕ್ಕೆ ಸೇರಿದ ಎಲ್ಲಾ ಖಾತೆಗಳಲ್ಲಿ ಮೊಬೈಲ್ ನಂಬರ್ ಮತ್ತು ವಿಳಾಸ ಬದಲಾವಣೆ.

ನನ್ನ ಉಳಿತಾಯ ಖಾತೆ ಸಂಖ್ಯೆ ______ (ಫ್ಯಾಮಿಲಿ ಪೆನ್ಷನ್ ಜಮಾ ಆಗುವ ಖಾತೆ) ಮತ್ತು ಠೇವಣಿ ಖಾತೆ ಸಂಖ್ಯೆ ______. ಈಗ ದಾಖಲಾಗಿರುವ ಮೊಬೈಲ್ ನಂಬರ್ ______ ನನ್ನ ದಿವಂಗತ ಪತಿಯವರದ್ದು, ಅದು ಚಾಲ್ತಿಯಲ್ಲಿಲ್ಲ, ಅದಕ್ಕೆ ಬರುವ ಓಟಿಪಿ ನನಗೆ ಸಿಗುವುದಿಲ್ಲ. ಆ ನಂಬರನ್ನು ತೆಗೆದು ನನ್ನ ಹೆಸರಿನಲ್ಲಿರುವ ______ ನಂಬರನ್ನು ಸೇರಿಸಿ, ಎಸ್ಸೆಮ್ಮೆಸ್ ಬರುವಂತೆ ಮಾಡಬೇಕಾಗಿ ಕೋರುತ್ತೇನೆ. ಹಳೆಯ ವಿಳಾಸ: ______. ಹೊಸ ವಿಳಾಸ, ಪಿನ್ ಕೋಡ್ ಸಹಿತ: ______. ಮುಂದೆ ಚೆಕ್ ಪುಸ್ತಕ, ಎಟಿಎಂ ಕಾರ್ಡ್, ಪತ್ರಗಳನ್ನು ಹೊಸ ವಿಳಾಸಕ್ಕೆ ಕಳಿಸಬೇಕು. ಖಾತೆ ಇದೇ ಶಾಖೆಯಲ್ಲಿ ಮುಂದುವರಿಯಲಿ.

ಲಗತ್ತು: 1. ಹೊಸ ವಿಳಾಸವಿರುವ ಆಧಾರ್ ಪ್ರತಿ, ವಿಳಾಸದ ಪುರಾವೆಗಾಗಿ. 2. ಪ್ಯಾನ್ ಕಾರ್ಡ್ ಪ್ರತಿ, ಗುರುತಿಗಾಗಿ ಮಾತ್ರ. 3. ಪಾಸ್‌ಬುಕ್ ಮೊದಲ ಪುಟದ ಪ್ರತಿ, ಖಾತೆ ಮತ್ತು ಹಳೆಯ ವಿಳಾಸಕ್ಕಾಗಿ. 4. ಪತಿಯವರ ಮರಣ ಪ್ರಮಾಣ ಪತ್ರದ ಪ್ರತಿ, ಹಳೆಯ ನಂಬರ್ ತೆಗೆಯುವ ಕಾರಣಕ್ಕಾಗಿ. ಮೂಲ ದಾಖಲೆಗಳನ್ನು ಪರಿಶೀಲನೆಗೆ ತಂದಿದ್ದೇನೆ."

ಕೆಳಗೆ ದಿನಾಂಕ, ಬ್ಯಾಂಕಲ್ಲಿ ಇರೋ ಥರದ್ದೇ ಸಹಿ.

ಇದ್ರಲ್ಲಿ ಗ್ರಾಹಕರ ಐಡಿ ಮೊದಲು ಬಂದಿರೋದಕ್ಕೆ ಕಾರಣ ಇದೆ. ಬ್ಯಾಂಕಿನ ಕಂಪ್ಯೂಟರಲ್ಲಿ ನಂಬರು, ವಿಳಾಸ ಕೂತಿರೋದು ಸಾಮಾನ್ಯವಾಗಿ ಈ ಐಡಿ ಮೇಲೆ, ಸಿಐಎಫ್ ಅಂತಾರಲ್ಲ ಅದು, ಪಾಸ್‌ಬುಕ್ ಮೊದಲ ಪುಟದಲ್ಲೇ ಇರುತ್ತೆ. ಜಂಟಿ ಖಾತೆ ಆದ್ರೆ ಇಬ್ಬರಿಗೂ ಬೇರೆ ಬೇರೆ ಐಡಿ, ಒಬ್ಬರದ್ದು ಬದಲಾದ್ರೆ ಇನ್ನೊಬ್ಬರದ್ದು ತಾನಾಗೇ ಬದಲಾಗಲ್ಲ. ಹಳೇ ಕಾಲದ ಠೇವಣಿಗಳು ಕೆಲವು ಸಲ ಬೇರೆ ಐಡಿಯಲ್ಲಿ ಇರ್ತಾವೆ, ಉಳಿತಾಯ ಖಾತೆ ಸರಿಹೋದ್ರೂ ಠೇವಣಿ ಮೆಚೂರ್ ಆದ ಸುದ್ದಿ ಹಳೇ ನಂಬರಿಗೇ ಹೋಗುತ್ತೆ. ಅದಕ್ಕೆ ಠೇವಣಿ, ಲಾಕರ್ ಏನಿದ್ರೂ ನಂಬರ್ ಸಮೇತ ಬರೀಬೇಕು.

ಲಗತ್ತಿನ ಒಂದೊಂದು ಕಾಗದದ ಮುಂದೆಯೂ ಅದು ಯಾವುದಕ್ಕೆ ಪುರಾವೆ ಅಂತ ಬರೆದಿದ್ದು ನೋಡಿ. ಕೌಂಟರಲ್ಲಿ ಕೂತವರು ಕಾಗದ ತಿರುವಿ ಹುಡುಕೋದಿಲ್ಲ, ಅಷ್ಟು ಪುರುಸೊತ್ತು ಅವರಿಗಿಲ್ಲ, ಇದು ವಿಳಾಸಕ್ಕೆ, ಇದು ಗುರುತಿಗೆ ಅಂತ ಬರೆದಿದ್ರೆ ಮೂಲ ನೋಡಿ ಟಿಕ್ ಹಾಕಿ ಮುಂದೆ ಕಳಿಸ್ತಾರೆ. ಪ್ರತಿ ಜೆರಾಕ್ಸ್ ಮೇಲೂ "ವಿಳಾಸ ಬದಲಾವಣೆಗೆ ಮಾತ್ರ" ಅಂತ ಅಡ್ಡಡ್ಡ ಬರೆದು ದಿನಾಂಕ, ಸಹಿ ಹಾಕಿ. ಆಧಾರ್ ಆದ್ರೆ ಮೊದಲ ಎಂಟು ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್ ಪ್ರಿಂಟ್ ಕೊಡಿ.

ಸಹಿ ವಿಷಯಕ್ಕೆ ಅತ್ತಿಗೆ ಸ್ವಲ್ಪ ಕಷ್ಟಪಟ್ರು. ಖಾತೆ ತೆಗೆಯುವಾಗ ದುಂಡಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ರು, ಈಗ ಕೈ ನಡುಗುತ್ತೆ, ಕೊನೇ ಅಕ್ಷರ ಸಾಲಿಂದ ಕೆಳಗೆ ಇಳಿಯುತ್ತೆ. ಹೀಗಿದ್ದಾಗ ಅರ್ಜಿಯನ್ನ ಯಾರ ಕೈಲೋ ಕಳಿಸಬಾರದು, ಖಾತೆದಾರರೇ ಹೋಗಿ ಆಫೀಸರ್ ಎದುರಿಗೆ ಸಹಿ ಮಾಡಿ, ಹೊಸ ಮಾದರಿ ಸಹಿನೂ ಅವತ್ತೇ ಕೊಟ್ಟು ಬರಬೇಕು. ಅತ್ತಿಗೆ ಹಾಗೇ ಮಾಡಿದ್ರು, ಅದರಿಂದ ಮುಂದೆ ಚೆಕ್ಕಿಗೂ ತೊಂದರೆ ಆಗಲ್ಲ.

ಬರೀ ವಿಳಾಸ ಬದಲಾಗಿದ್ರೆ ಇಷ್ಟೆಲ್ಲ ಬೇಕಿಲ್ಲ. ಕೆವೈಸಿ ಪರಿಷ್ಕರಣೆ ಹೊತ್ತಲ್ಲಿ ಹೊಸ ವಿಳಾಸದ ಬಗ್ಗೆ ಸ್ವಯಂ ಘೋಷಣೆ ಕೊಟ್ರೆ ಬ್ಯಾಂಕು ತಗೋಬಹುದು, ಎರಡು ತಿಂಗಳೊಳಗೆ ಆ ವಿಳಾಸಕ್ಕೆ ಪತ್ರ ಕಳಿಸಿಯೋ ಜನ ಕಳಿಸಿಯೋ ಖಾತ್ರಿ ಮಾಡ್ಕೊಳ್ಳಬೇಕು ಅಂತ ನಿಯಮ ಇದೆ. ದಾಖಲೆ ಪ್ರತಿ ಕೇಳೋ ಅಧಿಕಾರನೂ ಬ್ಯಾಂಕಿಗಿದೆ, ಆದ್ರೆ ಸ್ವಯಂ ಘೋಷಣೆ ಅನ್ನೋದು ಇಲ್ಲವೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಮೊಬೈಲ್ ನಂಬರಿನ ಮಾತು ಬೇರೆ, ಹಳೇ ನಂಬರಿಗೆ ಓಟಿಪಿ ಬರದೇ ಇದ್ದಾಗ ಖುದ್ದಾಗಿ ಹೋಗೋದೇ ಒಳ್ಳೇದು. ಅಲ್ಲಿ ಬಿಗಿ ಇರೋದು ಒಳ್ಳೇದೇ, ಸುಲಭವಾಗಿ ನಂಬರ್ ಬದಲಾಯಿಸೋ ಹಾಗಿದ್ರೆ ಕಳ್ಳರಿಗೂ ಅಷ್ಟೇ ಸುಲಭ.

ಅರ್ಜಿ ಎರಡು ಪ್ರತಿ ಇರಲಿ. ಒಂದರ ಮೇಲೆ ಸೀಲು, ದಿನಾಂಕ, ತಗೊಂಡವರ ಸಹಿ ಹಾಕಿಸಿಕೊಂಡೇ ಬನ್ನಿ. ಆಮೇಲೆ ಬ್ಯಾಂಕಿನ ಮಿಸ್ಡ್ ಕಾಲ್ ಬ್ಯಾಲೆನ್ಸ್ ಸೇವೆ ಇದ್ರೆ ಹೊಸ ನಂಬರಿಂದ ಕೊಟ್ಟು ನೋಡಿ, ಬ್ಯಾಲೆನ್ಸ್ ಮೆಸೇಜು ಬಂದ್ರೆ ನಂಬರ್ ಸೇರಿದೆ ಅಂತ ಅರ್ಥ. ವಿಳಾಸಕ್ಕೆ, ಪಾಸ್‌ಬುಕ್ ಮೊದಲ ಪುಟ ಹೊಸದಾಗಿ ಪ್ರಿಂಟ್ ಹಾಕಿಸಿ ಓದಿ. ಹಳೇ ವಿಳಾಸನೇ ಇದ್ರೆ ಚೆಕ್ ಬುಕ್ಕಿಗೋ ಕಾರ್ಡಿಗೋ ಆರ್ಡರ್ ಕೊಡಬೇಡಿ, ಖಾಲಿ ಮನೆಗೆ ಹೋಗುತ್ತೆ. ಬರೆದು ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ರೆ ಸೀಲ್ ಹಾಕಿದ ಪ್ರತಿ ಇಟ್ಟುಕೊಂಡು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು, ವಿಚಾರಿಸೋಕೆ 14448 ಇದೆ.

ಇನ್ನೊಂದು ಮಾತು ಬ್ಯಾಂಕುಗಳಿಗೆ. ಗ್ರಾಹಕರು ಬಳಸೋ ಫಾರಂಗಳು ಇಂಗ್ಲಿಷ್, ಹಿಂದಿ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಅತ್ತಿಗೆಗೆ ಅರ್ಜಿ ಜೊತೆ ತುಂಬೋಕೆ ಕೊಟ್ಟ ಫಾರಂ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು, ಕನ್ನಡ ಚೆನ್ನಾಗಿ ಓದಿ ಬರೆಯೋ ಅವರು ಪಕ್ಕದಲ್ಲಿದ್ದವರನ್ನ ಕೇಳಿ ತುಂಬಿಸಬೇಕಾಯ್ತು, ತಮ್ಮ ಖಾತೆ ನಂಬರು, ಆಧಾರು ಎಲ್ಲಾ ಗುರುತಿಲ್ಲದವರಿಗೆ ತೋರಿಸಿ. ಪ್ರತಿ ಬ್ರಾಂಚಲ್ಲೂ ನಂಬರ್, ವಿಳಾಸ ಬದಲಾವಣೆಯ ಫಾರಂ ಕನ್ನಡದಲ್ಲಿ ಇಡಿ, ಯಾವ ಯಾವ ಪುರಾವೆ ನಡೆಯುತ್ತೆ ಅಂತ ಅದರ ಹಿಂದೆಯೇ ಅಚ್ಚು ಹಾಕಿ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ, ಹಾಸನ